ಪದವಿಯ ನಂತರದ ಒಂದು ವರ್ಷ: ಸಂದರ್ಶನದಲ್ಲಿ ಅದರ ಲೆಕ್ಕ ಹೇಳುವ ಬಗೆ

ಪದವಿ ಮುಗಿದು ಒಂದು ವರ್ಷ ಕಳೆದ ಮೇಲೆ ಮೊದಲ ಕೆಲಸದ ಸಂದರ್ಶನಕ್ಕೆ ಹೋದವರಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ಇಷ್ಟು ದಿನ ಏನು ಮಾಡುತ್ತಿದ್ದಿರಿ? ಕೆಲವೊಮ್ಮೆ ಅದು ಅರ್ಜಿಯ ನಮೂನೆಯಲ್ಲೇ ‘ಗ್ಯಾಪ್ ಇದ್ದರೆ ಕಾರಣ’ ಎಂಬ ಅಂಕಣವಾಗಿ ಇರುತ್ತದೆ. ಕೆಲವೊಮ್ಮೆ ಎಚ್.ಆರ್. ವಿಭಾಗದವರು ಫೋನಿನಲ್ಲಿ ಮಾತನಾಡಿಸುವಾಗಲೇ ಕೇಳುತ್ತಾರೆ. ಹೆಚ್ಚಾಗಿ ಇದು ಎದುರಾಗುವುದು ಕೊನೆಯ ಎಚ್.ಆರ್. ಸುತ್ತಿನಲ್ಲಿ, ಅಂಕಪಟ್ಟಿಯ ಮೇಲಿನ ವರ್ಷವನ್ನು ನೋಡುತ್ತ.

ಈ ಅಂತರ ಅಪರೂಪದ್ದಲ್ಲ. ಕೇಂದ್ರ ಸರ್ಕಾರದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 2022-23ರಲ್ಲಿ ದೇಶದ ಒಟ್ಟು ನಿರುದ್ಯೋಗ ಪ್ರಮಾಣ ಶೇ. 3.2 ಇದ್ದರೆ, ಪದವೀಧರರಲ್ಲಿ ಅದು ಶೇ. 13ಕ್ಕಿಂತ ಹೆಚ್ಚಿತ್ತು. ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ ಕೊಡುವ ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆ 2024ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರ ನೆರವು ಗರಿಷ್ಠ ಎರಡು ವರ್ಷದವರೆಗೆ ಸಿಗುತ್ತದೆ. ಹೊಸ ಪದವೀಧರರಿಗೆ ಕೆಲಸ ಸಿಗಲು ಇಷ್ಟು ಕಾಲ ಹಿಡಿಯಬಹುದು ಎಂಬುದನ್ನು ಸರ್ಕಾರವೇ ಒಪ್ಪಿ ರೂಪಿಸಿದ ಯೋಜನೆ ಅದು. ಹಾಗಾಗಿ ಸಂದರ್ಶಕರ ಮುಂದೆ ಒಂದು ವರ್ಷದ ಅಂತರ ಇಟ್ಟುಕೊಂಡು ಕೂತ ಅಭ್ಯರ್ಥಿ ಅವರು ಕಂಡ ಮೊದಲಿಗರೂ ಅಲ್ಲ, ಕೊನೆಯವರೂ ಅಲ್ಲ.

ಪ್ರಶ್ನೆಯ ಹಿಂದೆ ಇರುವ ಅನುಮಾನಗಳು

ಕೇಳುವವರಿಗೆ ಬೇಕಾಗಿರುವುದು ಕ್ಷಮೆಯಾಚನೆಯಲ್ಲ, ಮಾಹಿತಿ. ಅವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಮೂರು ಅನುಮಾನಗಳಿರುತ್ತವೆ. ಈ ಅಭ್ಯರ್ಥಿಯನ್ನು ಬೇರೆಯವರು ನೋಡಿ ಬೇಡವೆಂದಿದ್ದಾರೆಯೇ, ಹಾಗಿದ್ದರೆ ನಮಗೆ ಕಾಣದ ಕೊರತೆ ಏನಾದರೂ ಇದೆಯೇ? ಕಾಲೇಜಿನಲ್ಲಿ ಕಲಿತದ್ದು ಇನ್ನೂ ಕೈಯಲ್ಲಿದೆಯೇ? ಸೇರಿದ ಮೇಲೆ ಇಲ್ಲಿ ನಿಲ್ಲುತ್ತಾರೆಯೇ, ಅಥವಾ ಸರ್ಕಾರಿ ಪರೀಕ್ಷೆಯ ಫಲಿತಾಂಶ ಬಂದ ದಿನ ಹೊರಟುಬಿಡುತ್ತಾರೆಯೇ?

ಇವುಗಳಲ್ಲಿ ಮೊದಲನೆಯದು ಎಷ್ಟು ಬಲವಾಗಿ ಕೆಲಸ ಮಾಡುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಕೋರಿ ಕ್ರಾಫ್ಟ್, ಫೇಬಿಯನ್ ಲಾಂಗ್ ಮತ್ತು ಮ್ಯಾಥ್ಯೂ ನೊಟೊವಿಡಿಗ್ಡೊ ಅಮೆರಿಕದ 100 ನಗರಗಳಲ್ಲಿ ಸುಮಾರು 3,000 ಉದ್ಯೋಗ ಜಾಹೀರಾತುಗಳಿಗೆ ಕಲ್ಪಿತ ಅಭ್ಯರ್ಥಿಗಳ ರೆಸ್ಯೂಮೆಗಳನ್ನು ಕಳಿಸಿದರು. ಕೆಲಸವಿಲ್ಲದೆ ಎಷ್ಟು ತಿಂಗಳಾಗಿದೆ ಎಂಬುದನ್ನು ಮಾತ್ರ ಚೀಟಿ ಎತ್ತಿದಂತೆ ಬದಲಿಸುತ್ತ ಹೋದರು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ, ತಿಂಗಳು ಹೆಚ್ಚಿದಂತೆಲ್ಲ ಸಂದರ್ಶನದ ಕರೆಗಳು ಕಡಿಮೆಯಾದವು. ಆದರೆ ಈ ಇಳಿತದ ಬಹುಪಾಲು ಮೊದಲ ಎಂಟು ತಿಂಗಳಲ್ಲೇ ಮುಗಿದಿತ್ತು. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯೂ ಕಂಡುಬಂತು. ಕೆಲಸಗಳು ಸಾಕಷ್ಟಿದ್ದ ಊರುಗಳಲ್ಲಿ ಇಳಿತ ಹೆಚ್ಚಾಗಿತ್ತು, ಕೆಲಸದ ಅಭಾವವಿದ್ದ ಊರುಗಳಲ್ಲಿ ಕಡಿಮೆಯಾಗಿತ್ತು. ಎಲ್ಲರಿಗೂ ಕೆಲಸ ಸಿಗುವ ಕಡೆ ಸಿಗದವರ ಬಗ್ಗೆ ಅನುಮಾನ ಹುಟ್ಟುತ್ತದೆ. ಯಾರಿಗೂ ಸುಲಭವಾಗಿ ಸಿಗದ ಕಡೆ ಖಾಲಿ ತಿಂಗಳುಗಳಿಗೆ ಅಷ್ಟು ಅರ್ಥ ಹಚ್ಚುವುದಿಲ್ಲ.

ಇದರಿಂದ ಅಭ್ಯರ್ಥಿ ತಿಳಿಯಬೇಕಾದದ್ದು ಇಷ್ಟು. ಉದ್ಯೋಗದಾತರು ಖಾಲಿ ಅವಧಿಯನ್ನು ಕಂಡು ಊಹೆ ಮಾಡುತ್ತಾರೆ, ಏಕೆಂದರೆ ಅವರ ಕೈಯಲ್ಲಿ ಬೇರೆ ಮಾಹಿತಿ ಇರುವುದಿಲ್ಲ. ಆ ಜಾಗಕ್ಕೆ ನಿಖರವಾದ ಮಾಹಿತಿ ಬಂದರೆ ಊಹೆಯ ಅಗತ್ಯ ಕಡಿಮೆಯಾಗುತ್ತದೆ. ಉತ್ತರ ಮಾಡಬೇಕಾದ ಕೆಲಸ ಅದೊಂದೇ. ವ್ಯಕ್ತಿ ಒಳ್ಳೆಯವರು, ಶ್ರಮಜೀವಿ ಎಂದು ಸಾಬೀತು ಮಾಡುವ ಹೊರೆಯನ್ನು ಅದರ ಮೇಲೆ ಹೊರಿಸಬಾರದು.

ಸೋತ ದನಿ, ಸಮರ್ಥನೆಯ ದನಿ

ಮಾಹಿತಿ ಸರಿಯಿದ್ದರೂ ಉತ್ತರ ಕೆಡುವುದು ದನಿಯಿಂದ. ಸೋತ ದನಿಯನ್ನು ಗುರುತಿಸುವುದು ಸುಲಭ. ಅದರಲ್ಲಿ ಘಟನೆಗಳಿಗಿಂತ ತೀರ್ಪುಗಳು ಹೆಚ್ಚು: ‘ತುಂಬಾ ಪ್ರಯತ್ನಪಟ್ಟೆ, ಎಲ್ಲೂ ಆಗಲಿಲ್ಲ’, ‘ವರ್ಷ ವೇಸ್ಟ್ ಆಯ್ತು’, ‘ನಮ್ಮ ಕಾಲೇಜಿಗೆ ಕಂಪನಿಗಳೇ ಬರೋದಿಲ್ಲ’. ಈ ಮಾತುಗಳು ಸುಳ್ಳಲ್ಲದಿರಬಹುದು. ಆದರೆ ಇವುಗಳಲ್ಲಿ ಅಭ್ಯರ್ಥಿ ಮಾಡಿದ್ದು ಏನೂ ಕಾಣುವುದಿಲ್ಲ, ಅವರಿಗೆ ಆದದ್ದು ಮಾತ್ರ ಕಾಣುತ್ತದೆ. ‘ಆಗಲಿಲ್ಲ’, ‘ಸಿಗಲಿಲ್ಲ’, ‘ಬರಲಿಲ್ಲ’ ಎಂದು ಮೂರು ವಾಕ್ಯ ಸಾಲಾಗಿ ಮುಗಿದರೆ, ಕೇಳುವವರ ಮನಸ್ಸಿನಲ್ಲಿ ಉಳಿಯುವುದು ಆ ಇಲ್ಲಗಳೇ.

ಸಮರ್ಥನೆಯ ದನಿ ಬೇರೆ ಬಗೆಯದು. ಅಲ್ಲಿ ಉತ್ತರ ಪ್ರಶ್ನೆಗಿಂತ ಬಹಳ ಉದ್ದವಾಗಿರುತ್ತದೆ. ಒಂದು ಕಾರಣ ಸಾಕಾಗುವಲ್ಲಿ ನಾಲ್ಕು ಕಾರಣಗಳು ಬರುತ್ತವೆ: ಮಾರುಕಟ್ಟೆ ಸರಿಯಿರಲಿಲ್ಲ, ವಿಶ್ವವಿದ್ಯಾಲಯ ಅಂಕಪಟ್ಟಿ ತಡವಾಗಿ ಕೊಟ್ಟಿತು, ಅಧಿಸೂಚನೆ ಮುಂದೂಡಿದರು, ಶಿಫಾರಸು ಇದ್ದವರಿಗೇ ಕೆಲಸ ಸಿಗುತ್ತದೆ. ಕಾರಣಗಳು ಹೆಚ್ಚಿದಷ್ಟೂ ಪ್ರತಿಯೊಂದರ ತೂಕ ಕಡಿಮೆಯಾಗುತ್ತದೆ. ಇನ್ನೂ ಸ್ಪಷ್ಟವಾದ ಲಕ್ಷಣವೆಂದರೆ, ಯಾರೂ ಕೇಳದ ಆರೋಪಕ್ಕೆ ಉತ್ತರ ಕೊಡುವುದು. ‘ನಾನು ಸುಮ್ಮನೆ ಮನೆಯಲ್ಲಿ ಕೂತಿರಲಿಲ್ಲ ಸರ್’ ಎಂದು ಶುರು ಮಾಡಿದರೆ, ಸುಮ್ಮನೆ ಕೂತಿದ್ದರೇನೋ ಎಂಬ ಚಿತ್ರವನ್ನು ಅಭ್ಯರ್ಥಿಯೇ ಅಲ್ಲಿ ಇಟ್ಟಂತಾಗುತ್ತದೆ.

ಎರಡೂ ದನಿಗಳಿಗೆ ಪರಿಹಾರ ಒಂದೇ: ತಿಂಗಳು, ಕೆಲಸ, ಫಲಿತಾಂಶ ಇವನ್ನು ಹೇಳುವುದು, ತೀರ್ಪನ್ನು ಕೇಳುವವರಿಗೇ ಬಿಡುವುದು. ಆದರೆ ಇದು ಸಂದರ್ಶನದ ಕೋಣೆಯಲ್ಲಿ ಕೂತಾಗ ಹೊಳೆಯುವಂಥದ್ದಲ್ಲ. ಅದಕ್ಕೆ ಮೊದಲೇ ಕಾಗದದ ಮೇಲೆ ಕೆಲಸ ನಡೆದಿರಬೇಕು.

ಮೊದಲು ತಿಂಗಳವಾರು ಪಟ್ಟಿ

ಅಂತಿಮ ಫಲಿತಾಂಶ ಬಂದ ತಿಂಗಳಿಂದ ಇಂದಿನವರೆಗಿನ ತಿಂಗಳುಗಳನ್ನು ಒಂದು ಹಾಳೆಯ ಮೇಲೆ ಸಾಲಾಗಿ ಬರೆಯಬೇಕು. ಪ್ರತಿ ತಿಂಗಳ ಮುಂದೆ ಆಗ ನಿಜವಾಗಿ ಏನು ನಡೆಯಿತು, ಅದಕ್ಕೆ ದಾಖಲೆ ಏನಿದೆ ಎಂದು ತುಂಬಬೇಕು. ಪರೀಕ್ಷೆಯ ಹಾಲ್ ಟಿಕೆಟ್, ಅಂಕಗಳ ಪಟ್ಟಿ, ಕೋರ್ಸಿನ ಶುಲ್ಕದ ರಸೀದಿ, ಅರ್ಜಿ ಸಲ್ಲಿಸಿದ ಇ-ಮೇಲ್, ಮನೆಯವರ ಆಸ್ಪತ್ರೆಯ ಬಿಡುಗಡೆ ಪತ್ರ ಎಲ್ಲವೂ ಇಲ್ಲಿ ನೆನಪಿಗೆ ನೆರವಾಗುತ್ತವೆ. ಇವನ್ನೆಲ್ಲ ಸಂದರ್ಶನದಲ್ಲಿ ತೋರಿಸಬೇಕೆಂದಿಲ್ಲ. ದಿನಾಂಕಗಳು ತಪ್ಪದಿರಲಿ, ಅರ್ಜಿಯಲ್ಲಿ ಬರೆದದ್ದಕ್ಕೂ ಬಾಯಲ್ಲಿ ಹೇಳಿದ್ದಕ್ಕೂ ವ್ಯತ್ಯಾಸ ಬಾರದಿರಲಿ ಎಂಬುದಷ್ಟೇ ಉದ್ದೇಶ.

ಪಟ್ಟಿ ಮಾಡಿದಾಗ ಸಾಮಾನ್ಯವಾಗಿ ಒಂದು ವರ್ಷ ಮೂರು ಅಥವಾ ನಾಲ್ಕು ತುಂಡುಗಳಾಗಿ ಒಡೆಯುತ್ತದೆ. ನಡುವೆ ಒಂದೆರಡು ತಿಂಗಳು ಏನೂ ಇಲ್ಲದೆ ಉಳಿಯುವುದೂ ಉಂಟು. ಅವನ್ನು ಕಟ್ಟುಕಥೆಯಿಂದ ತುಂಬಬೇಕಾಗಿಲ್ಲ. ಯಾವ ಸಂದರ್ಶಕರೂ ವಾರ ವಾರದ ಲೆಕ್ಕ ಕೇಳುವುದಿಲ್ಲ. ವರ್ಷದ ದೊಡ್ಡ ತುಂಡುಗಳು ಯಾವುವು, ಈಗ ಹೊಸದಾಗಿ ಏನು ಬರುತ್ತದೆ ಎಂಬುದು ತಿಳಿದರೆ ಅವರಿಗೆ ಸಾಕು.

ಒಂದು ಉದಾಹರಣೆ

ಈ ವಿಧಾನ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಹಾವೇರಿ ಜಿಲ್ಲೆಯ ಒಬ್ಬ ಯುವತಿ ಬಿ.ಕಾಂ. ಮುಗಿಸಿದ್ದಾರೆ. ಫಲಿತಾಂಶ ಬಂದದ್ದು ಆಗಸ್ಟ್‌ನಲ್ಲಿ. ಸೆಪ್ಟೆಂಬರ್‌ನಿಂದ ಜನವರಿಯವರೆಗೆ ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದಿದರು. ಪ್ರಿಲಿಮ್ಸ್ ಪಾಸಾಯಿತು, ಮುಖ್ಯ ಪರೀಕ್ಷೆಯಲ್ಲಿ ಕಟ್‌ಆಫ್ ದಾಟಲಿಲ್ಲ. ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ತಾಯಿಗೆ ಶಸ್ತ್ರಚಿಕಿತ್ಸೆಯಾಗಿ ಮನೆಯ ಜವಾಬ್ದಾರಿ ಇವರ ಮೇಲೆ ಬಿತ್ತು. ಏಪ್ರಿಲ್‌ನಿಂದ ಜೂನ್‌ವರೆಗೆ ರಾಣೆಬೆನ್ನೂರಿನಲ್ಲಿ ಟ್ಯಾಲಿ ಮತ್ತು ಜಿಎಸ್‌ಟಿ ಕೋರ್ಸ್ ಮಾಡಿದರು. ಜುಲೈಯಿಂದ ಒಬ್ಬ ತೆರಿಗೆ ಸಲಹೆಗಾರರ ಕಚೇರಿಗೆ ದಿನಕ್ಕೆ ಅರ್ಧ ಹೊತ್ತು ಹೋಗಿ, ಸಂಬಳವಿಲ್ಲದೆ, ಖರೀದಿ ಬಿಲ್ಲುಗಳನ್ನು ಟ್ಯಾಲಿಗೆ ಏರಿಸುವ ಕೆಲಸ ಕಲಿತರು. ಈಗ ಸೆಪ್ಟೆಂಬರ್. ಹುಬ್ಬಳ್ಳಿಯ ಒಂದು ವಿತರಕ ಸಂಸ್ಥೆಯಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಸಂದರ್ಶನ.

ಸಿದ್ಧತೆ ಇಲ್ಲದೆ ಹೋಗಿದ್ದರೆ ಉತ್ತರ ಹೀಗಿರುವ ಸಾಧ್ಯತೆ ಹೆಚ್ಚು: ‘ಬ್ಯಾಂಕ್ ಎಕ್ಸಾಂಗೆ ಓದ್ತಿದ್ದೆ ಸರ್, ಆದ್ರೆ ಸ್ವಲ್ಪದರಲ್ಲೇ ಮಿಸ್ ಆಯ್ತು. ಆಮೇಲೆ ಮನೇಲಿ ಪ್ರಾಬ್ಲಂ ಇತ್ತು. ನಮ್ಮ ಕಡೆ ಕೆಲಸನೂ ಇಲ್ಲ ಸರ್. ಈಗ ಯಾವ ಕೆಲಸ ಆದ್ರೂ ಮಾಡ್ತೀನಿ.’ ಇದರಲ್ಲಿ ಸುಳ್ಳಿಲ್ಲ. ಆದರೆ ವರ್ಷದ ಅತ್ಯಂತ ಉಪಯುಕ್ತ ಭಾಗವಾದ ಟ್ಯಾಲಿ, ಜಿಎಸ್‌ಟಿ, ಬಿಲ್ಲುಗಳ ಕೆಲಸ ಬಂದೇ ಇಲ್ಲ. ‘ಯಾವ ಕೆಲಸ ಆದ್ರೂ’ ಎಂಬ ಮಾತು ವಿನಯದಿಂದ ಬಂದದ್ದಾದರೂ, ಈ ಹುದ್ದೆಯನ್ನು ಆರಿಸಿಕೊಂಡು ಬಂದವರಲ್ಲ ಎಂಬ ಅರ್ಥ ಕೊಡುತ್ತದೆ.

ಪಟ್ಟಿಯನ್ನು ಮುಂದಿಟ್ಟುಕೊಂಡು ಕಟ್ಟಿದ ಉತ್ತರ ಹೀಗಿರಬಹುದು: ‘ಡಿಗ್ರಿ ಮುಗಿದ ಮೇಲೆ ಐದು ತಿಂಗಳು ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಓದಿದೆ ಸರ್. ಪ್ರಿಲಿಮ್ಸ್ ಆಯ್ತು, ಮೇನ್ಸ್‌ನಲ್ಲಿ ಕಟ್‌ಆಫ್ ಬರಲಿಲ್ಲ. ಆಮೇಲೆ ಎರಡು ತಿಂಗಳು ಅಮ್ಮನ ಆಪರೇಷನ್ ಇತ್ತು, ಮನೆಯಲ್ಲಿದ್ದೆ. ಈಗ ಅವರು ಆರಾಮಾಗಿದ್ದಾರೆ. ಏಪ್ರಿಲ್‌ನಿಂದ ಅಕೌಂಟ್ಸ್ ಕಡೆಗೇ ಹೋಗೋಣ ಅಂತ ಟ್ಯಾಲಿ, ಜಿಎಸ್‌ಟಿ ಕಲಿತೆ. ಜುಲೈಯಿಂದ ಒಬ್ಬರು ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ತಿರ ಖರೀದಿ ಬಿಲ್ ಎಂಟ್ರಿ ಮಾಡೋದು, ಅದನ್ನು 2ಬಿ ಜೊತೆ ತಾಳೆ ನೋಡೋದು ಕಲಿತಿದ್ದೇನೆ. ನಿಮ್ಮ ಜಾಹೀರಾತಿನಲ್ಲಿ ಅದೇ ಕೆಲಸ ಇದೆ ಅಂತ ಅರ್ಜಿ ಹಾಕಿದೆ.’

ಇದನ್ನು ಹೇಳಲು ಒಂದು ನಿಮಿಷವೂ ಬೇಡ. ಪರೀಕ್ಷೆಯಲ್ಲಿ ಆಯ್ಕೆಯಾಗದ ಸಂಗತಿಯನ್ನು ಮುಚ್ಚಿಟ್ಟಿಲ್ಲ, ಅದರ ಮೇಲೆ ಕೊರಗಿಯೂ ಇಲ್ಲ. ಅದು ಒಂದು ವಾಕ್ಯದಲ್ಲಿ ಬಂದು ಹೋಯಿತು. ತಾಯಿಯ ಕಾಯಿಲೆಯ ವಿವರ ಕೊಟ್ಟಿಲ್ಲ, ಆದರೆ ಆ ಕಾರಣ ಈಗ ಮುಗಿದಿದೆ ಎಂಬುದನ್ನು ಹೇಳಿದ್ದಾರೆ. ಸಂದರ್ಶಕರಿಗೆ ಬೇಕಾದ ಮಾಹಿತಿ ಅದೇ. ಸಂಬಳವಿಲ್ಲದೆ ಕಲಿತದ್ದನ್ನು ಉದ್ಯೋಗ ಎಂದು ಕರೆದಿಲ್ಲ, ಕಲಿತೆ ಎಂದೇ ಹೇಳಿದ್ದಾರೆ. ಕೊನೆಯ ವಾಕ್ಯ ಕಳೆದ ವರ್ಷದಿಂದ ಈ ಹುದ್ದೆಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ಉತ್ತರ ಮುಗಿಯಬೇಕು. ಮುಗಿದ ಮೇಲಿನ ಮೌನಕ್ಕೆ ಹೆದರಿ ಇನ್ನೂ ಎರಡು ಮಾತು ಸೇರಿಸಿದಾಗಲೇ ಸಮರ್ಥನೆಯ ದನಿ ಮತ್ತೆ ನುಸುಳುತ್ತದೆ.

ಮುಂದಿನ ಪ್ರಶ್ನೆಗಳು

ಇಂಥ ಉತ್ತರದ ನಿಜವಾದ ಲಾಭ ಅದರ ನಂತರ ಕಾಣುತ್ತದೆ. ಲೆಕ್ಕಪತ್ರ ಬಲ್ಲ ಸಂದರ್ಶಕರು ಕೂಡಲೇ ಕೇಳಬಹುದು: ‘ಬಿಲ್ ನಮ್ಮ ಪುಸ್ತಕದಲ್ಲಿದೆ, 2ಬಿಯಲ್ಲಿ ಇಲ್ಲ. ಏನು ಮಾಡ್ತೀರಿ?’ ಜಿಎಸ್‌ಟಿಆರ್-2ಬಿ ಎಂಬುದು ಮಾರಾಟಗಾರರು ಸಲ್ಲಿಸಿದ ವಿವರಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ಸಿದ್ಧಪಡಿಸುವ ತಿಂಗಳ ಪಟ್ಟಿ. ಖರೀದಿದಾರರಿಗೆ ತೆರಿಗೆಯ ಜಮೆ ಸಿಗಬೇಕಾದರೆ ಬಿಲ್ಲು ಅದರಲ್ಲಿ ಕಾಣಬೇಕು. ನಿಜವಾಗಿ ತಾಳೆ ನೋಡಿದವರಿಗೆ ಉತ್ತರ ಗೊತ್ತಿರುತ್ತದೆ: ಮಾರಾಟಗಾರರು ಜಿಎಸ್‌ಟಿಆರ್-1 ಸಲ್ಲಿಸಿದ್ದಾರೆಯೇ, ನಮ್ಮ ಜಿಎಸ್‌ಟಿ ಸಂಖ್ಯೆಯನ್ನು ತಪ್ಪಾಗಿ ನಮೂದಿಸಿದ್ದಾರೆಯೇ ಎಂದು ವಿಚಾರಿಸಬೇಕು, ಅವರು ಸರಿಪಡಿಸಿ ಅದು 2ಬಿಯಲ್ಲಿ ಬಂದ ತಿಂಗಳು ಜಮೆ ತೆಗೆದುಕೊಳ್ಳಬೇಕು. ಈ ಮಾತುಕತೆ ಶುರುವಾದ ಕ್ಷಣಕ್ಕೆ ಖಾಲಿ ವರ್ಷದ ವಿಷಯ ಹಿಂದೆ ಸರಿದು, ಕೆಲಸದ ವಿಷಯ ಮುಂದೆ ಬಂದಿರುತ್ತದೆ. ಆದ್ದರಿಂದಲೇ ಉತ್ತರದಲ್ಲಿ ಹೆಸರಿಸುವ ಪ್ರತಿಯೊಂದು ಕೌಶಲದ ಬಗ್ಗೆ ಎರಡು ಪ್ರಶ್ನೆಗಳನ್ನಾದರೂ ಎದುರಿಸುವ ಸಿದ್ಧತೆ ಇರಬೇಕು. ಬಾರದ್ದನ್ನು ಹೆಸರಿಸುವುದಕ್ಕಿಂತ ಬಿಟ್ಟುಬಿಡುವುದು ಲೇಸು.

ಎರಡನೆಯ ಪ್ರಶ್ನೆ ನಿಲ್ಲುವ ಬಗ್ಗೆ: ‘ನಾಳೆ ಬ್ಯಾಂಕ್ ಕೆಲಸ ಸಿಕ್ಕರೆ ಬಿಟ್ಟು ಹೋಗ್ತೀರಾ?’ ಕರ್ನಾಟಕದಲ್ಲಿ ಪದವಿ ಮುಗಿಸಿ ಎಫ್‌ಡಿಎ, ಎಸ್‌ಡಿಎ, ಪಿಎಸ್‌ಐ, ಬ್ಯಾಂಕ್ ಪರೀಕ್ಷೆಗಳಿಗೆ ಓದಿದವರೆಲ್ಲರಿಗೂ ಇದು ಬರುತ್ತದೆ. ಇದಕ್ಕೆ ಆಣೆ ಪ್ರಮಾಣದ ಉತ್ತರ ಬೇಡ. ಪರೀಕ್ಷೆ ಬರೆಯುವುದನ್ನು ನಿಲ್ಲಿಸಿದ್ದರೆ, ಯಾವಾಗ ಮತ್ತು ಏಕೆ ನಿಲ್ಲಿಸಿದೆ ಎಂದು ಒಂದು ವಾಕ್ಯದಲ್ಲಿ ಹೇಳಬಹುದು. ಇನ್ನೂ ಬರೆಯುವ ಯೋಚನೆಯಿದ್ದರೆ ‘ಎಂದಿಗೂ ಬಿಡುವುದಿಲ್ಲ’ ಎನ್ನುವುದು ಸುಳ್ಳಾಗುತ್ತದೆ. ‘ಈಗ ಪೂರ್ತಿ ಹೊತ್ತು ಓದುತ್ತಿಲ್ಲ ಸರ್, ಈ ಕೆಲಸದಲ್ಲೇ ಅನುಭವ ಮಾಡಿಕೊಳ್ಳಬೇಕು ಅಂತಿದ್ದೇನೆ. ಬಿಡುವ ಸಂದರ್ಭ ಬಂದರೆ ನೋಟಿಸ್ ಅವಧಿ ಪೂರೈಸಿಯೇ ಹೋಗ್ತೇನೆ’ ಎಂಬುದು ಪ್ರಾಮಾಣಿಕವಾದ, ನಂಬಬಹುದಾದ ಉತ್ತರ. ಕೆಲವರು ಇದನ್ನು ಒಪ್ಪದಿರಬಹುದು. ಆ ಅಪಾಯ ಇದ್ದೇ ಇದೆ.

ಮೂರನೆಯದು ಹೆಚ್ಚು ಚುಚ್ಚುವ ಪ್ರಶ್ನೆ: ‘ಬೇರೆಯವರು ಯಾಕೆ ತಗೊಳ್ಳಲಿಲ್ಲ?’ ಇಲ್ಲಿಯೂ ಬೇಕಾದದ್ದು ಸಂಗತಿ. ಯಾವ ಹಂತದಲ್ಲಿ ನಿಂತಿತು, ಅದರ ನಂತರ ಏನು ಬದಲಾಯಿತು ಎಂಬ ಎರಡು ಮಾತು ಸಾಕು: ‘ಎರಡು ಕಡೆ ಸಂದರ್ಶನ ಆಗಿತ್ತು. ಎರಡೂ ಕಡೆ ಟ್ಯಾಲಿ ಬರುತ್ತಾ ಅಂತ ಕೇಳಿದ್ರು, ಆಗ ಬರ್ತಿರಲಿಲ್ಲ. ಅದಕ್ಕೇ ಕಲಿತೆ.’ ಕೊರತೆಯನ್ನು ಒಪ್ಪಿ, ಅದನ್ನು ತುಂಬಿಕೊಂಡ ಬಗೆಯನ್ನು ಹೇಳಿದಾಗ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ.

ಹೇಳಬೇಕಿಲ್ಲದ್ದು, ಹೇಳಬಾರದ್ದು

ಅಭ್ಯರ್ಥಿಯದೇ ಕಾಯಿಲೆ, ಮನೆಯ ಸಾಲ, ಮದುವೆಯ ಮಾತುಕತೆ ಮುರಿದದ್ದು ಇಂಥ ಕಾರಣಗಳಿಂದ ತಿಂಗಳುಗಳು ಹೋಗಿರಬಹುದು. ‘ಆರೋಗ್ಯದ ಕಾರಣದಿಂದ ನಾಲ್ಕು ತಿಂಗಳು ಬಿಡುವು ಬೇಕಾಯಿತು, ಈಗ ಪೂರ್ತಿ ಸರಿಯಾಗಿದೆ’ ಎಂಬಲ್ಲಿಗೆ ನಿಲ್ಲಿಸಬಹುದು. ಹೆಚ್ಚಿನ ವಿವರ ಕೊಡುವ ಬಾಧ್ಯತೆ ಇಲ್ಲ. ಕೊನೆಯ ಸೆಮಿಸ್ಟರ್‌ನ ಒಂದು ವಿಷಯ ಉಳಿದು ವರ್ಷ ಕಳೆದಿದ್ದರೆ ಅದನ್ನು ನೇರವಾಗಿ ಹೇಳುವುದೇ ಸರಿ, ಏಕೆಂದರೆ ಅಂಕಪಟ್ಟಿಗಳಲ್ಲಿ ಅದು ಹೇಗೂ ಕಾಣುತ್ತದೆ. ಇಡೀ ವರ್ಷದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎನಿಸಿದರೆ, ಮಾತಿನ ಜಾಣ್ಮೆ ಅದನ್ನು ತುಂಬಲಾರದು. ಆಗ ಉತ್ತರವನ್ನು ತಿದ್ದುವುದಕ್ಕಿಂತ ಮುಂದಿನ ಎರಡು ತಿಂಗಳನ್ನು ತಿದ್ದುವುದು ಸುಲಭ. ಬೇಕಾದ ಹುದ್ದೆಯ ಹತ್ತು ಜಾಹೀರಾತುಗಳನ್ನು ಓದಿ, ಎಲ್ಲದರಲ್ಲೂ ಮತ್ತೆ ಮತ್ತೆ ಬರುವ ಒಂದು ಕೌಶಲವನ್ನು ಕಲಿತು, ‘ಈ ಎರಡು ತಿಂಗಳಿಂದ ಇದನ್ನು ಮಾಡುತ್ತಿದ್ದೇನೆ’ ಎಂದು ಹೇಳುವಂತಾದರೆ ಉತ್ತರಕ್ಕೆ ಒಂದು ಗಟ್ಟಿ ಕೊನೆ ಸಿಗುತ್ತದೆ.

ಹೇಳಬಾರದ್ದು ಇಲ್ಲದ ಅನುಭವ. ಹಣ ಕೊಟ್ಟರೆ ಒಂದು ವರ್ಷದ ಅನುಭವ ಪತ್ರ ಕೊಡುವವರು ದೊಡ್ಡ ನಗರಗಳಲ್ಲಿ ಇದ್ದಾರೆ. ಈ ದಾರಿ ಹಿಡಿದವರು ಸಿಕ್ಕಿಬೀಳುವುದು ಹೆಚ್ಚಾಗಿ ಸಂದರ್ಶನದಲ್ಲಲ್ಲ, ಸೇರಿದ ಮೇಲೆ ನಡೆಯುವ ಹಿನ್ನೆಲೆ ಪರಿಶೀಲನೆಯಲ್ಲಿ. ಪರಿಶೀಲನಾ ಸಂಸ್ಥೆಗಳು ಹಿಂದಿನ ಕಂಪನಿಯನ್ನು ನೇರವಾಗಿ ಕೇಳುತ್ತವೆ. ಭವಿಷ್ಯ ನಿಧಿಯ ಯುಎಎನ್ ಖಾತೆಯಲ್ಲಿ ಯಾವ ಕಂಪನಿ ಯಾವ ತಿಂಗಳು ಹಣ ಕಟ್ಟಿದೆ ಎಂಬ ಸೇವಾ ಇತಿಹಾಸವನ್ನೂ ನೋಡುತ್ತವೆ. ಇಪ್ಪತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಸಾಮಾನ್ಯವಾಗಿ ಭವಿಷ್ಯ ನಿಧಿ ಕಡ್ಡಾಯವಾದ್ದರಿಂದ, ಅಂಥ ಸಂಸ್ಥೆಯ ಅನುಭವ ಪತ್ರವಿದ್ದು ಖಾತೆ ಖಾಲಿಯಿದ್ದರೆ ಅನುಮಾನ ಬರುತ್ತದೆ. ಆ ಅವಧಿಯಲ್ಲಿ ಯುವನಿಧಿ ಪಡೆದಿದ್ದರೆ ಇನ್ನೂ ಕಷ್ಟ: ಒಂದು ದಾಖಲೆ ಕೆಲಸವಿಲ್ಲ ಎನ್ನುತ್ತದೆ, ಇನ್ನೊಂದು ಇದೆ ಎನ್ನುತ್ತದೆ. ಖಾಲಿ ವರ್ಷಕ್ಕೆ ವಿವರಣೆ ಇರುತ್ತದೆ, ಸುಳ್ಳು ಪತ್ರಕ್ಕೆ ಇರುವುದಿಲ್ಲ.

ಬರಹದಲ್ಲೂ ಇದೇ ನಿಯಮ. ರೆಸ್ಯೂಮೆಯಲ್ಲಿ ಪದವಿ ಮುಗಿದ ತಿಂಗಳು, ವರ್ಷ ಎರಡನ್ನೂ ಬರೆದು, ಕೋರ್ಸ್ ಮತ್ತು ತರಬೇತಿಗೂ ತಿಂಗಳುಗಳನ್ನು ಕೊಡಬೇಕು. ಅರ್ಜಿಯ ಗ್ಯಾಪ್ ಅಂಕಣದಲ್ಲಿ ಎರಡು ಸಾಲು ಸಾಕು. ಉನ್ನತ ಶಿಕ್ಷಣದ ಪ್ರವೇಶದಲ್ಲಿ, ಕೆಲವು ಕಂಪನಿಗಳಲ್ಲಿ ಸೇರುವಾಗ, ಅಂತರದ ಬಗ್ಗೆ ಸ್ವಯಂ ಘೋಷಣೆ ಅಥವಾ ನೋಟರಿಯಿಂದ ಅಫಿಡವಿಟ್ ಕೇಳುವುದುಂಟು. ಅಲ್ಲಿ ಬರೆಯುವುದು ಸಂದರ್ಶನದಲ್ಲಿ ಹೇಳಿದ್ದಕ್ಕೆ ಹೊಂದಬೇಕು.

ಉತ್ತರಕ್ಕೂ ಮಿತಿಯಿದೆ

ಕೆಲವು ಬಾಗಿಲುಗಳು ಎಷ್ಟು ಒಳ್ಳೆಯ ಉತ್ತರಕ್ಕೂ ತೆರೆಯುವುದಿಲ್ಲ. ಈ ವರ್ಷ ಪಾಸಾದವರು ಮಾತ್ರ ಅರ್ಜಿ ಹಾಕಬೇಕು ಎಂದು ಷರತ್ತು ಹಾಕುವ ದೊಡ್ಡ ಕಂಪನಿಗಳಲ್ಲಿ ಹಿಂದಿನ ವರ್ಷದ ಅರ್ಜಿ ಸಂದರ್ಶನದವರೆಗೆ ಹೋಗುವುದೇ ಇಲ್ಲ. ಅಂಥ ತಿರಸ್ಕಾರವನ್ನು ತನ್ನ ಮಾತಿನ ದೋಷವೆಂದು ಅಭ್ಯರ್ಥಿ ಭಾವಿಸಬಾರದು. ಇಂಥ ಷರತ್ತಿಲ್ಲದ ಸಣ್ಣ, ಮಧ್ಯಮ ಸಂಸ್ಥೆಗಳು, ಜಿಲ್ಲಾ ಉದ್ಯೋಗ ಮೇಳಗಳು, 1961ರ ಅಪ್ರೆಂಟಿಸ್ ಕಾಯ್ದೆಯ ಅಡಿಯಲ್ಲಿ ಪದವೀಧರರಿಗೆ ಸ್ಟೈಪೆಂಡ್ ಕೊಟ್ಟು ತರಬೇತಿ ನೀಡುವ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆ ಇವು ಆಗ ನೋಡಬೇಕಾದ ಕಡೆಗಳು. ಅಪ್ರೆಂಟಿಸ್ ಆಗಿ ತರಬೇತಿ ಮುಗಿಸಿದವರಿಗೆ ಪ್ರಮಾಣಪತ್ರವೂ ಸಿಗುತ್ತದೆ.

ಈ ಪ್ರಶ್ನೆಗೂ ಒಂದು ಆಯುಷ್ಯವಿದೆ. ಸ್ವೀಡನ್‌ನಲ್ಲಿ ಸ್ಟೆಫಾನ್ ಎರಿಕ್ಸನ್ ಮತ್ತು ಡಾನ್-ಓಲೋಫ್ ರೂತ್ ಇದೇ ಬಗೆಯ ಅರ್ಜಿ ಪ್ರಯೋಗ ನಡೆಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಸದ್ಯ ಒಂಬತ್ತು ತಿಂಗಳಿಗಿಂತ ಹೆಚ್ಚು ಕಾಲ ಕೆಲಸವಿಲ್ಲದವರನ್ನು ಕೆಲವು ಬಗೆಯ ಹುದ್ದೆಗಳಲ್ಲಿ ಉದ್ಯೋಗದಾತರು ಹಿಂದೆ ಸರಿಸಿದ್ದು ಕಂಡುಬಂತು. ಆದರೆ ಹಿಂದೆ ಯಾವಾಗಲೋ ಕೆಲಸವಿಲ್ಲದಿದ್ದು, ಆಮೇಲೆ ಕೆಲಸ ಮಾಡಿದವರನ್ನು ಹಾಗೆ ಸರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಖಾಲಿ ವರ್ಷದ ವಿವರಣೆ ಬೇಕಾಗುವುದು ಮೊದಲ ಕೆಲಸ ಸಿಗುವವರೆಗೆ. ಎರಡನೆಯ ಕೆಲಸದ ಸಂದರ್ಶನದಲ್ಲಿ ಕೇಳುವುದು ಮೊದಲ ಕೆಲಸದಲ್ಲಿ ಏನು ಮಾಡಿದಿರಿ ಎಂಬುದನ್ನು.